ಇಪ್ಪತ್ತೊಂಬತ್ತರ ಮೇಲೆ ಕೂದಲೆಳೆಯಷ್ಟು

ನಾನು ಜೀವನದಲ್ಲಿ ನೈಲ್ ಪಾಲಿಶ್ ಕೊಂಡದ್ದು ಒಂದೇ ಸಲ. ಮೂಡಿಗೆರೆಯ ಬಸ್ ನಿಲ್ದಾಣದ ಎದುರಿನ ಫ್ಯಾನ್ಸಿ ಸ್ಟೋರಿನಲ್ಲಿ. ಯಾವ ಬಣ್ಣ ಎಂದು ಅಂಗಡಿಯ ಹೆಂಗಸು ಕೇಳಿದರು. ಯಾವುದಾದರೂ ಆದೀತು ಎಂದೆ. ಅವರು ನಕ್ಕು, ಹಾಗೆ ತೆಗೆದುಕೊಂಡು ಹೋದರೆ ಮನೆಯಲ್ಲಿ ಬೈಸಿಕೊಳ್ಳುತ್ತೀರಿ ಎಂದು ಐದಾರು ಬಾಟಲಿಗಳನ್ನು ಮುಂದಿಟ್ಟರು. ಮನೆಯಲ್ಲಿ ಬೈಯುವವರು ನನಗೆ ಯಾರೂ ಇಲ್ಲ. ಅದನ್ನು ಅವರಿಗೆ ಹೇಳುವುದೇಕೆ ಎನ್ನಿಸಿತು. ಕೆಂಪು ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದೆ.

ಅದು ಒಂದು ಸ್ಕ್ರೂ ಮುಚ್ಚಲು ಬೇಕಾಗಿತ್ತು.

ನಾನು ಮೂಡಿಗೆರೆಯ ಹತ್ತಿರದ ಒಂದು ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಮೆಕ್ಯಾನಿಕ್. ಪಾಠ ಮಾಡುವವನಲ್ಲ. ಮಕ್ಕಳು ಸುಟ್ಟದ್ದನ್ನು ಸರಿಮಾಡುವುದು, ಬೆಳಿಗ್ಗೆ ಬೋರ್ಡುಗಳನ್ನು ಹೊರಗೆ ತೆಗೆದಿಡುವುದು, ಸಂಜೆ ಎಣಿಸಿ ಒಳಗಿಡುವುದು ನನ್ನ ಕೆಲಸ. ಐ.ಟಿ.ಐ. ಮುಗಿಸಿ ನಾನು ಸೇರಿದಾಗ ಅಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಹತ್ತೊಂಬತ್ತು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತೆವು.

ಅವರು ಬಾಳೂರಿನಿಂದ ಬರುತ್ತಿದ್ದರು. ನನ್ನ ಬಾಡಿಗೆ ಕೋಣೆ ಬಣಕಲ್‌ನಲ್ಲಿ. ಬಾಳೂರಿನಿಂದ ಹೊರಟ ಬಸ್ಸು ಕೊಟ್ಟಿಗೆಹಾರ ದಾಟಿ ಬಣಕಲ್ಲಿಗೆ ಬರುವಾಗ ತುಂಬಿರುತ್ತದೆ. ಎಡಗಡೆ ನಾಲ್ಕನೆಯ ಸೀಟಿನಲ್ಲಿ ಅವರು ತಮ್ಮ ಊಟದ ಚೀಲ ಇಟ್ಟುಕೊಂಡಿರುತ್ತಿದ್ದರು. ನಾನು ಹತ್ತಿದೊಡನೆ ಚೀಲ ತೊಡೆಯ ಮೇಲೆ ಹೋಗುತ್ತಿತ್ತು. ಮೂಡಿಗೆರೆಯವರೆಗೆ ಬಹಳ ಮಾತೇನೂ ಇರುತ್ತಿರಲಿಲ್ಲ. ಅವರ ಮೆಣಸಿನ ಬಳ್ಳಿಗೆ ರೋಗ ಬಂದದ್ದು, ಯಾವುದೋ ಬ್ಯಾಚಿನ ಹುಡುಗ ಮಲ್ಟಿಮೀಟರನ್ನು ಆಂಪಿಯರಿಗೆ ಇಟ್ಟು ವೋಲ್ಟ್ ಅಳೆಯಲು ಹೋದದ್ದು, ಇಂಥವು. ಕೆಲವು ದಿನ ಅದೂ ಇಲ್ಲ.

ಲ್ಯಾಬಿನ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಅವರೇ ಮಾಡಿದ್ದು. ಕಂದು ಬಣ್ಣದ ಹೈಲಂ ಹಲಗೆಗೆ ತೂತು ಕೊರೆದು, ಟರ್ಮಿನಲ್ ಕೂರಿಸಿ, ಮೇಲೆ ಬಿಳಿ ಪೇಂಟಿನಲ್ಲಿ ಸರ್ಕ್ಯೂಟಿನ ಚಿತ್ರ ಬರೆಯುತ್ತಿದ್ದರು. ಅವರಿಗೆ ಬಹಳ ಇಷ್ಟವಾದ ಬೋರ್ಡು ಫೇಸ್ ಶಿಫ್ಟ್ ಆಸಿಲೇಟರಿನದು. ಆಂಪ್ಲಿಫೈಯರಿನ ಕೆಲಸ ಮಾಡುವ ಒಂದು ಆಪ್-ಆಂಪ್ ಐಸಿ, ಮೂರು ಕೆಪಾಸಿಟರ್, ಮೂರು ರೆಸಿಸ್ಟರ್, ಇನ್ನೊಂದು ಹೆಚ್ಚು ಓಮಿನ ದೊಡ್ಡ ರೆಸಿಸ್ಟರ್, ಅದರ ಜೊತೆಗೆ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿ ಓಮನ್ನು ಹೆಚ್ಚುಕಡಿಮೆ ಮಾಡುವ ಒಂದು ಪ್ರಿಸೆಟ್. ಅಷ್ಟೇ. ಉಳಿದ ಬೋರ್ಡುಗಳಿಗೆಲ್ಲ ಹೊರಗಿನಿಂದ ಸಿಗ್ನಲ್ ಕೊಡಬೇಕು. ಇದಕ್ಕೆ ಕರೆಂಟು ಬಿಟ್ಟು ಇನ್ನೇನೂ ಕೊಡಬೇಕಾಗಿಲ್ಲ. ತಾನಾಗಿಯೇ ಅಲೆ ಎಬ್ಬಿಸುತ್ತದೆ. ಪ್ರತಿ ವರ್ಷ ಯಾರಾದರೊಬ್ಬರು ಇನ್‌ಪುಟ್ ಎಲ್ಲಿಗೆ ಕೊಡಬೇಕು ಎಂದು ಕೇಳಿಯೇ ಕೇಳುತ್ತಿದ್ದರು. ಆ ಪ್ರಶ್ನೆಗಾಗಿ ಅಣ್ಣ ಕಾದಿರುತ್ತಿದ್ದರು ಎಂದು ನನ್ನ ಅನುಮಾನ.

ಕಾಲೇಜಿನ ಫಂಕ್ಷನ್ನಿನಲ್ಲಿ ಮೈಕು ಕೂಗುತ್ತದಲ್ಲ, ಆಗ ಮೈಕಿನ ಮುಂದೆ ಯಾರು ಕೂಗಿದರು ಎಂದು ಅವರು ತಿರುಗಿ ಕೇಳುತ್ತಿದ್ದರು. ಯಾರೂ ಇಲ್ಲ. ಎಲ್ಲಿಂದಲೋ ಬಂದ ಒಂದು ಸಣ್ಣ ಸದ್ದು ಮೈಕಿಗೆ ಹೋಗಿ, ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ, ಸ್ಪೀಕರಿನಿಂದ ಹೊರಟು ಮತ್ತೆ ಅದೇ ಮೈಕಿಗೆ ಬರುತ್ತದೆ. ಹೋದದ್ದಕ್ಕಿಂತ ದೊಡ್ಡದಾಗಿ ಬಂದರೆ ಕೂಗು ಏಳುತ್ತದೆ. ವಾಲ್ಯೂಮ್ ಇಳಿಸಿದರೆ ಬಂದದ್ದು ಹೋದದ್ದಕ್ಕಿಂತ ಚಿಕ್ಕದಾಗಿ, ಒಂದೊಂದು ಸುತ್ತಿಗೂ ಇಳಿದು ಸಾಯುತ್ತದೆ. ಈ ಬೋರ್ಡಿನ ಒಳಗೆ ನಡೆಯುವುದೂ ಅದೇ, ಇಲ್ಲಿ ಮಾತ್ರ ಅದನ್ನು ಹದಕ್ಕೆ ತಂದು ನಿಲ್ಲಿಸುತ್ತೇವೆ ಎನ್ನುತ್ತಿದ್ದರು.

ಪುಸ್ತಕದಲ್ಲಿ ಈ ನಿಯಮಕ್ಕೆ ಯಾವುದೋ ಜರ್ಮನ್ ಪಂಡಿತರ ಹೆಸರಿದೆ. ಅಣ್ಣ ಆ ಹೆಸರು ಹೇಳುತ್ತಿರಲಿಲ್ಲ.

"ಹೋದಷ್ಟೇ ವಾಪಸ್ ಬರ್ಬೇಕು. ಹೆಜ್ಜೆ ತಪ್ಪದೆ ಬರ್ಬೇಕು. ಎರಡೇ ಮಾತು ಮಾರಾಯ," ಎನ್ನುತ್ತಿದ್ದರು.

ಹೆಜ್ಜೆಯ ಮಾತು ಹೀಗೆ. ಆಂಪ್ಲಿಫೈಯರ್ ಅಲೆಯನ್ನು ತಲೆಕೆಳಗು ಮಾಡುತ್ತದೆ, ಅಂದರೆ ನೂರ ಎಂಬತ್ತು ಡಿಗ್ರಿ. ಮೂರು ಕೆಪಾಸಿಟರ್, ಮೂರು ರೆಸಿಸ್ಟರುಗಳ ಏಣಿ ಅದನ್ನು ಇನ್ನೊಂದು ನೂರ ಎಂಬತ್ತು ತಿರುಗಿಸಿದರೆ ಪೂರ್ತಿ ಒಂದು ಸುತ್ತಾಗಿ, ಹೊರಟ ಅಲೆಯ ಜೊತೆಗೇ ಬಂದು ಕೂಡುತ್ತದೆ. ಏಣಿ ಸರಿಯಾಗಿ ಅಷ್ಟು ತಿರುಗಿಸುವುದು ಒಂದೇ ಒಂದು ಫ್ರೀಕ್ವೆನ್ಸಿಯಲ್ಲಿ. ನಮ್ಮ ಬೋರ್ಡಿನಲ್ಲಿ ಹತ್ತು ಕಿಲೋ ಓಮ್, ಪಾಯಿಂಟ್ ಸೊನ್ನೆ ಒಂದು ಮೈಕ್ರೋಫ್ಯಾರಡ್ ಇದ್ದುದರಿಂದ ಅದು ಸೆಕೆಂಡಿಗೆ ಸುಮಾರು ಆರುನೂರ ಐವತ್ತು. ಬೇರೆಯವೆಲ್ಲ ಹೆಜ್ಜೆ ತಪ್ಪಿ ಬರುತ್ತವೆ, ನಿಲ್ಲುವುದಿಲ್ಲ.

ಎಷ್ಟು ಎನ್ನುವ ಮಾತಿಗೆ ಒಂದು ಕತೆಯೇ ಇದೆ. ನಾನು ಸೇರಿದ ಮೊದಲ ವರ್ಷ ಹೊಸದಾಗಿ ಬಂದ ಒಬ್ಬ ಲೆಕ್ಚರರ್ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಮೂರು ಮೆಟ್ಟಿಲು, ಒಂದೊಂದಕ್ಕೆ ಅರವತ್ತು ಡಿಗ್ರಿ. ಅರವತ್ತು ಡಿಗ್ರಿ ತಿರುಗಿಸುವಾಗ ಒಂದು ಮೆಟ್ಟಿಲು ಅಲೆಯನ್ನು ಅರ್ಧ ಮಾಡುತ್ತದೆ. ಅರ್ಧದ ಅರ್ಧದ ಅರ್ಧ ಎಂದರೆ ಎಂಟನೆಯ ಒಂದು. ಹಾಗಾಗಿ ಆಂಪ್ಲಿಫೈಯರಿನ ಗೇನ್, ಅಂದರೆ ಅದು ಅಲೆಯನ್ನು ಏರಿಸುವ ಪಟ್ಟು, ಎಂಟಿದ್ದರೆ ಸಾಕು. ನನಗೆ ಅದು ಪೂರ್ತಿ ಸರಿ ಕಂಡಿತು. ಅವರು ಹೇಳಿದಂತೆ ದೊಡ್ಡ ರೆಸಿಸ್ಟರ್ ತೆಗೆದು ಎಂಬತ್ತೆರಡು ಕಿಲೋ ಓಮಿನದು ಹಾಕಿದೆ. ಅಲೆಯನ್ನು ಗೆರೆಯಾಗಿ ತೋರಿಸುವ ಸಿ.ಆರ್.ಓ. ಪರದೆಯ ಮೇಲೆ ಗೆರೆ ಅಲ್ಲಾಡಲಿಲ್ಲ. ಲೆಕ್ಚರರು ಐಸಿ ಬದಲಿಸಿ ಎಂದರು, ಬದಲಿಸಿದೆ. ಇನ್ನೊಂದು ಎಂದರು, ಅದನ್ನೂ. ಅಣ್ಣ ತಮ್ಮ ಬದಿಯಲ್ಲಿ ಕುಳಿತು ಬೆಸುಗೆ ಹಾಕುತ್ತಲೇ ಇದ್ದರು. ಲೆಕ್ಚರರು ಹೋದ ಮೇಲೆ ತಲೆ ಎತ್ತಿದರು.

"ಲೆಕ್ಕ ಸರಿ ಇದೆ ಮಾರಾಯ. ಆ ಮೂರೂ ಬೇರೆ ಬೇರೆ ಇದ್ದಿದ್ರೆ ಎಂಟೇ ಸಾಕಿತ್ತು. ಇಲ್ಲಿ ಒಂದರ ಬೆನ್ನಿಗೆ ಒಂದು ಆತ್ಕೊಂಡಿದೆ. ಮುಂದಿಂದು ಹಿಂದಿಂದನ್ನ ಎಳೀತದೆ. ಇಪ್ಪತ್ತೊಂಬತ್ತು ಬೇಕು."

ಆಮೇಲೆ ಕಾಗದದ ಮೇಲೆ ಬಿಡಿಸಿ ತೋರಿಸಿದರು. ಮೂರು ಮೆಟ್ಟಿಲುಗಳ ನಡುವೆ ತಡೆಯೇನೂ ಇಲ್ಲದಿದ್ದರಿಂದ ಎರಡನೆಯದು ಮೊದಲನೆಯದರಿಂದ ಕರೆಂಟು ಎಳೆಯುತ್ತದೆ, ಮೂರನೆಯದು ಎರಡನೆಯದರಿಂದ. ಒಂದೊಂದರದೂ ಸರಿಯಾಗಿ ಅರವತ್ತೂ ಆಗಿರುವುದಿಲ್ಲ, ಮೂರೂ ಸೇರಿ ನೂರ ಎಂಬತ್ತಾಗುತ್ತದೆ ಅಷ್ಟೆ. ಅಲ್ಲಿಗೆ ಬರುವಾಗ ಅಲೆ ಇಪ್ಪತ್ತೊಂಬತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ. ಏಣಿ ಇಪ್ಪತ್ತೊಂಬತ್ತು ಪಟ್ಟು ಇಳಿಸಿದ್ದನ್ನು ಆಂಪ್ಲಿಫೈಯರ್ ಇಪ್ಪತ್ತೊಂಬತ್ತು ಪಟ್ಟು ಏರಿಸಿದರೆ ಹೋದಷ್ಟೇ ಬಂದಂತಾಯಿತು. ಹತ್ತು ಕಿಲೋ ಓಮಿಗೆ ಇನ್ನೂರ ತೊಂಬತ್ತು. ಅದಕ್ಕೇ ಅವರು ಇನ್ನೂರ ಎಪ್ಪತ್ತರ ರೆಸಿಸ್ಟರ್ ಹಾಕಿ, ಉಳಿದದ್ದನ್ನು ಪ್ರಿಸೆಟ್ಟಿಗೆ ಬಿಟ್ಟಿದ್ದರು.

ಸರಿಯಾಗಿ ಇಪ್ಪತ್ತೊಂಬತ್ತಕ್ಕೆ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಒಂದು ಚೂರು ಕಡಿಮೆಯಾದರೆ ಅಲೆ ಏಳುವುದೇ ಇಲ್ಲ. ಬಹಳ ಜಾಸ್ತಿಯಾದರೆ ಏರಿ ಏರಿ ಸಪ್ಲೈಯ ಹನ್ನೆರಡು ವೋಲ್ಟಿನ ಹತ್ತಿರ ಹೋಗಿ ಮಾಡಿಗೆ ಬಡಿದಂತೆ ತಲೆ ಚಪ್ಪಟೆಯಾಗುತ್ತದೆ. ಅಣ್ಣ ಸ್ಕ್ರೂಡ್ರೈವರ್ ಹಿಡಿದು, ಉಸಿರು ಬಿಗಿಹಿಡಿದು, ಇಪ್ಪತ್ತೊಂಬತ್ತರ ಮೇಲೆ ಕೂದಲೆಳೆಯಷ್ಟು ತಂದು ನಿಲ್ಲಿಸುತ್ತಿದ್ದರು. ಆಗ ಅಲೆ ನಿಧಾನವಾಗಿ ಎದ್ದು, ಅದರ ನೆತ್ತಿ ಕಣ್ಣಿಗೆ ಕಾಣದಷ್ಟು ಮಾತ್ರ ಸವೆದು, ಆ ಸವೆತದಿಂದಲೇ ಲೆಕ್ಕ ಸಮವಾಗಿ ನಿಲ್ಲುತ್ತದೆ. ನೋಡಲು ಚೆನ್ನ.

ಆ ಶನಿವಾರವೂ ಅದನ್ನೇ ಮಾಡಿದ್ದರು. ಫೆಬ್ರವರಿ ತಿಂಗಳು, ಒಳ್ಳೆಯ ಬಿಸಿಲು. ಸೋಮವಾರ ಪ್ರಾಕ್ಟಿಕಲ್ ಇತ್ತು. ಸಿ.ಆರ್.ಓ. ಪರದೆಯನ್ನು ನನ್ನ ಕಡೆ ತಿರುಗಿಸಿ ಅಲೆ ತೋರಿಸಿ, ಆಫ್ ಮಾಡಿ ಬೋರ್ಡನ್ನು ಬೀರುವಿನಲ್ಲಿಟ್ಟರು. ಸೋಮವಾರ ಬಣಕಲ್‌ನಲ್ಲಿ ಬಸ್ಸು ಹತ್ತಿದಾಗ ನಾಲ್ಕನೆಯ ಸೀಟಿನಲ್ಲಿ ಒಬ್ಬ ಹೆಂಗಸು ಮಗುವನ್ನು ಮಲಗಿಸಿಕೊಂಡು ಕುಳಿತಿದ್ದರು. ಜ್ವರ ಇರಬೇಕು ಎಂದುಕೊಂಡೆ. ಲ್ಯಾಬಿಗೆ ಹೋದ ಮೇಲೆ ಫೋನ್ ಬಂತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದಿದ್ದರಂತೆ. ನಾನು ಬಾಳೂರು ಮುಟ್ಟುವಾಗ ಎಲ್ಲ ಮುಗಿದಿತ್ತು.

ಮನೆಯ ಅಂಗಳದಲ್ಲಿ ಒಬ್ಬರು ನೀವು ಯಾರ ಕಡೆಯವರು ಎಂದು ಕೇಳಿದರು. ಜೊತೆಗೆ ಕೆಲಸ ಮಾಡುವವನು ಎಂದೆ. ಓ, ಕಾಲೇಜಿನವರು ಎಂದು ಕುರ್ಚಿ ಕೊಟ್ಟರು. ಕಾಲೇಜಿನ ಇತರರ ಜೊತೆ ಆ ಕುರ್ಚಿಯಲ್ಲಿ ಕುಳಿತೆ. ಅಲ್ಲಿ ಅಳುವ ಹಕ್ಕು ಇದ್ದವರು ಬೇರೆ ಇದ್ದರು. ಹದಿಮೂರನೆಯ ದಿನವೂ ಹೋಗಿದ್ದೆ. ಎಲೆಯ ಮುಂದೆ ಕುಳಿತು ಎಲ್ಲರಂತೆ ಊಟ ಮಾಡಿ ಬಂದೆ. ಹೊರಡುವಾಗ ಅವರ ಮಗ ಹತ್ತಿರ ಬಂದು, ಲ್ಯಾಬಿನಲ್ಲಿ ಅಪ್ಪನದು ಏನಾದರೂ ಉಳಿದಿದೆಯೇ ಎಂದು ಕೇಳಿದ. ಯೋಚಿಸಿದೆ. ಬೋರ್ಡುಗಳೆಲ್ಲ ಸ್ಟಾಕ್ ಪುಸ್ತಕಕ್ಕೆ ಸೇರಿದವು. ಸ್ಕ್ರೂಡ್ರೈವರೂ ಹಾಗೇ. ಊಟದ ಚೀಲವನ್ನು ಅವರು ದಿನಾ ಮನೆಗೆ ಒಯ್ಯುತ್ತಿದ್ದರು. ಏನೂ ಇಲ್ಲ ಎಂದೆ.

ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಒಂದು ಇದೆ. ಆ ಪ್ರಿಸೆಟ್ಟಿನ ಸ್ಕ್ರೂ ಈಗ ನಿಂತಿರುವ ಜಾಗ. ಅದು ಸ್ಟಾಕ್ ಪುಸ್ತಕದಲ್ಲಿ ಇಲ್ಲ.

ಮರುದಿನ ಬೋರ್ಡಿಗೆ ಕರೆಂಟು ಕೊಟ್ಟೆ. ಅವರು ಬಿಟ್ಟುಹೋದಂತೆಯೇ ಅಲೆ ಎದ್ದಿತು. ಯಾರಾದರೂ ವಿದ್ಯಾರ್ಥಿ ಒಂದು ಸಲ ಸ್ಕ್ರೂಡ್ರೈವರ್ ತಾಗಿಸಿದರೆ ಹೋಯಿತು. ಸೆಟ್ ಮಾಡಿದ ಪ್ರಿಸೆಟ್ ಅಲ್ಲಾಡದಿರಲಿ ಎಂದು ರಿಪೇರಿಯವರು ಅದರ ಮೇಲೆ ಒಂದು ಹನಿ ನೈಲ್ ಪಾಲಿಶ್ ಹಾಕುವುದುಂಟು. ನಾನೂ ಹಾಕಿದೆ. ಅಣ್ಣ ಎಂದೂ ಹಾಕಿದವರಲ್ಲ. ಏಕೆ ಹಾಕುತ್ತಿರಲಿಲ್ಲ ಎಂದು ಆಗ ಯೋಚಿಸಲಿಲ್ಲ. ಒಣಗಿದ ಮೇಲೆ ಬೋರ್ಡನ್ನು ಪೇಪರಿನಲ್ಲಿ ಸುತ್ತಿ ಬೀರುವಿನ ಕೆಳಗಿನ ಅರೆಯಲ್ಲಿ ಹಿಂದಕ್ಕೆ ಇಟ್ಟೆ. ವಿದ್ಯಾರ್ಥಿಗಳಿಗೆ ಹೊಸದಾಗಿ ಬಂದಿದ್ದ ಎರಡು ಕಂಪನಿ ಕಿಟ್‌ಗಳನ್ನು ಕೊಡತೊಡಗಿದೆ. ಅವುಗಳಲ್ಲಿ ತಿರುಗಿಸುವುದಕ್ಕೆ ಏನೂ ಇಲ್ಲ. ಗೇನ್ ಜಾಸ್ತಿಯೇ ಇಟ್ಟಿರುವುದರಿಂದ ಸ್ವಿಚ್ ಹಾಕಿದ ತಕ್ಷಣ ತಲೆ ಕತ್ತರಿಸಿದಂಥ ಅಲೆ ಬರುತ್ತದೆ. ಫ್ರೀಕ್ವೆನ್ಸಿ ಅಳೆದು ಬರೆದುಕೊಳ್ಳಲು ಅಷ್ಟು ಸಾಕು. ಹಳೆಯ ಬೋರ್ಡು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ನಾನು ಬಸ್ಸಿನಲ್ಲಿ ಹಿಂದಿನ ಬಾಗಿಲಿನ ಹತ್ತಿರ ನಿಲ್ಲತೊಡಗಿದೆ. ನಾಲ್ಕನೆಯ ಸೀಟು ಖಾಲಿ ಇದ್ದರೂ ಕೂರಲು ಆಗುತ್ತಿರಲಿಲ್ಲ. ಕಂಡಕ್ಟರು ಎರಡು ಸಲ ಕರೆದು ಆಮೇಲೆ ಬಿಟ್ಟರು. ಲ್ಯಾಬಿನಲ್ಲಿ ಮೇಜಿನ ಆ ಬದಿಗೆ ಯಾರನ್ನೂ ಹಾಕಲಿಲ್ಲ. ಹುದ್ದೆ ಖಾಲಿ ಎಂದು ಮೇಲಕ್ಕೆ ಬರೆದಿದ್ದರಂತೆ. ಒಂದೊಂದು ದಿನ ಸಂಜೆ ಹೊತ್ತಿಗೆ ಬೆಳಗಿನಿಂದ ನಾನು ಆಡಿದ ಮಾತು ಲೆಕ್ಕ ಹಾಕಿದರೆ ಹತ್ತು ದಾಟುತ್ತಿರಲಿಲ್ಲ. ಮೇಜಿನ ಆಚೆಯಿಂದ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದರೆ ಹೇಳುವುದೂ ಕಡಿಮೆಯಾಗುತ್ತದೆ.

ಜೂನಿನಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ.

ಪರೀಕ್ಷೆಗೆ ಮೊದಲು ಪ್ರತಿಯೊಂದು ಬೋರ್ಡನ್ನೂ ಕಿಟ್ಟನ್ನೂ ಓಡಿಸಿ ನೋಡಿ, ಎಲ್ಲ ಸುಸ್ಥಿತಿಯಲ್ಲಿವೆ ಎಂದು ಒಂದು ಹಾಳೆಯಲ್ಲಿ ಮೆಕ್ಯಾನಿಕ್ ಸಹಿ ಮಾಡಬೇಕು. ಎಲ್ಲವನ್ನೂ ನೋಡಿದೆ. ಪೇಪರಿನಲ್ಲಿ ಸುತ್ತಿದ್ದನ್ನು ಮಾತ್ರ ಬಿಚ್ಚಲಿಲ್ಲ. ಹಾಳೆಯಲ್ಲಿ ಅದರ ನಂಬರಿನ ಎದುರೂ ಸರಿ ಎಂದು ಗುರುತು ಹಾಕಿ ಸಹಿ ಮಾಡಿದೆ. ಅದು ಹೊರಗೆ ಬರುವ ಪ್ರಸಂಗ ಬರುವುದಿಲ್ಲ ಎಂದು ನನ್ನ ಎಣಿಕೆ. ಪರೀಕ್ಷೆಯ ಹಿಂದಿನ ದಿನ ಎರಡು ಕಂಪನಿ ಕಿಟ್‌ಗಳಲ್ಲಿ ಒಂದರ ಪವರ್ ಸಪ್ಲೈ ಸುಟ್ಟುಹೋಯಿತು. ಮರುದಿನ ಬೆಳಿಗ್ಗೆ ಚೀಟಿ ಎತ್ತಿದಾಗ ಒಂದೇ ಬ್ಯಾಚಿನಲ್ಲಿ ಇಬ್ಬರಿಗೆ ಫೇಸ್ ಶಿಫ್ಟ್ ಆಸಿಲೇಟರ್ ಬಂತು.

ಎರಡನೆಯವಳು ಕಳಸದ ಕಡೆಯ ಹುಡುಗಿ. ಹಿಂದಿನ ಸಲ ಇದೇ ಪ್ರಾಕ್ಟಿಕಲ್ಲಿನಲ್ಲಿ ಫೇಲಾಗಿದ್ದಳು. ಈ ಸಲವೂ ಹೋದರೆ ಅವಳಿಗೆ ಒಂದು ವರ್ಷ ಹೋಗುತ್ತದೆ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಬೀರು ತೆರೆದೆ. ಒಳಗಿನಿಂದ ಬೂಷ್ಟಿನ ವಾಸನೆ ಬಂತು. ಮಳೆಗಾಲದಲ್ಲಿ ಬೀರುವಿನೊಳಗೆ ಅಣ್ಣ ಒಂದು ನಲವತ್ತು ವಾಟಿನ ಬಲ್ಬು ಹಗಲೂ ರಾತ್ರಿ ಉರಿಸುತ್ತಿದ್ದರು, ಒಳಗೆ ಬೆಚ್ಚಗಿರಲಿ ಎಂದು. ಅದು ಯಾವಾಗಲೋ ಕೆಟ್ಟಿತ್ತು. ನಾನು ನೋಡಿಯೇ ಇರಲಿಲ್ಲ. ಸುತ್ತಿದ ಪೇಪರು ಕೈಗೆ ಮೆತ್ತಗೆ ಹತ್ತಿತು. ಬೋರ್ಡನ್ನು ಬಟ್ಟೆಯಲ್ಲಿ ಒರೆಸಿ ಅವಳ ಮೇಜಿನ ಮೇಲಿಟ್ಟೆ. ಪ್ರಿಸೆಟ್ಟಿನ ಮೇಲೆ ಕೆಂಪು ಹನಿ ಹಾಗೇ ಇತ್ತು.

ಪರೀಕ್ಷೆ ನಡೆಸಲು ಬೇರೆ ಜಿಲ್ಲೆಯಿಂದ ಬಂದಿದ್ದ ಪರೀಕ್ಷಕರು ಸ್ವೆಟರ್ ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು ಕುಳಿತಿದ್ದರು. ಕೆಟ್ಟವರಲ್ಲ. ಮಳೆಯ ಸದ್ದಿಗೆ ಬೇಸತ್ತಿದ್ದರು. ಹುಡುಗಿ ಸರ್ಕ್ಯೂಟ್ ಬರೆದು ತೋರಿಸಿ, ಲೆಕ್ಕ ಬರೆದು, ತಂತಿಗಳನ್ನು ಸಿಕ್ಕಿಸಿ ಸ್ವಿಚ್ ಹಾಕಿದಳು. ಪರದೆಯ ಮೇಲೆ ಗೆರೆ ಅಡ್ಡ ಮಲಗಿತ್ತು.

ನಾನು ದೂರದಿಂದಲೇ ನೋಡಿದೆ. ಅವಳು ತಂತಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಸಿಕ್ಕಿಸಿದಳು. ಐಸಿ ಕಾಲುಗಳ ವೋಲ್ಟೇಜು ಅಳೆದಳು. ಪಕ್ಕದ ಮೇಜಿನಲ್ಲಿ ಕಂಪನಿ ಕಿಟ್ ಸಿಕ್ಕಿದ ಹುಡುಗ ಆಗಲೇ ಗ್ರಾಫ್ ಎಳೆಯುತ್ತಿದ್ದ. ಅರ್ಧ ಗಂಟೆ ಕಳೆಯಿತು. ಪರೀಕ್ಷಕರು ಎದ್ದು ಬಂದು ಪರದೆ ನೋಡಿ, ಕನೆಕ್ಷನ್ ಸರಿ ಮಾಡಮ್ಮ, ಔಟ್‌ಪುಟ್ ಬರದೆ ನಾನು ಮಾರ್ಕ್ಸ್ ಹಾಕುವುದು ಹೇಗೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಿಟ್ ಚೆಕ್ ಮಾಡಿದೀರಲ್ಲ?"

ಸಹಿ ಮಾಡಿದ ಹಾಳೆ ಅವರ ಮೇಜಿನ ಮೇಲೇ ಇತ್ತು.

"ಹೂಂ ಸಾರ್," ಎಂದೆ.

ಏನಾಗಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಕಡಿಮೆ ಓಮಿನ ರೆಸಿಸ್ಟರುಗಳಿಗೆ ತೇವದಿಂದ ಏನೂ ಆಗುವುದಿಲ್ಲ. ಮೂರು ಲಕ್ಷ ಓಮಿನ ಹತ್ತಿರದ್ದಕ್ಕೆ ಆಗುತ್ತದೆ. ಹಲಗೆಯ ಮೇಲೆ ಕೂತ ಬೂಷ್ಟು ಮತ್ತು ನೀರಿನ ಪಸೆ ಆ ರೆಸಿಸ್ಟರಿನ ಎರಡು ತುದಿಗಳ ನಡುವೆ ಇನ್ನೊಂದು ಕಳ್ಳದಾರಿಯಾಗುತ್ತದೆ. ಎರಡು ದಾರಿ ಸೇರಿದರೆ ಒಟ್ಟು ಓಮ್ ಇಳಿಯುತ್ತದೆ, ಅದರ ಜೊತೆ ಗೇನೂ ಇಳಿಯುತ್ತದೆ. ಕೂದಲೆಳೆಯಷ್ಟು ಮೇಲಿದ್ದದ್ದು ಕೆಳಗೆ ಬಂದಿದೆ. ಅಣ್ಣ ಮಳೆಗಾಲ ಪೂರ್ತಿ ಆ ಸ್ಕ್ರೂವನ್ನು ಮತ್ತೆ ಮತ್ತೆ ಮುಟ್ಟುತ್ತಿದ್ದರು. ನಾನು ಎದುರಿಗೇ ಕುಳಿತು ಹತ್ತೊಂಬತ್ತು ಮಳೆಗಾಲ ಅದನ್ನು ನೋಡಿದ್ದೆ.

ಹೇಳಬಹುದಿತ್ತು. ಬೋರ್ಡು ಕೆಟ್ಟಿದೆ, ಬೇರೆ ಚೀಟಿ ಕೊಡಿ ಎಂದೂ ಹೇಳಬಹುದಿತ್ತು. ಆಗ ಹುಡುಗಿ ಕಳೆದುಹೋದ ಅರ್ಧ ಗಂಟೆಯ ಮೇಲೆ ಇನ್ನೊಂದು ಪ್ರಯೋಗವನ್ನು ಮೊದಲಿನಿಂದ ಮಾಡಬೇಕು. ಆದರೆ ಸ್ಕ್ರೂ ಇದ್ದಲ್ಲೇ ಇರುತ್ತದೆ. ನಾನು ಕಿಟಕಿಯ ಹತ್ತಿರ ನಿಂತು ಇದನ್ನು ನಿಜವಾಗಿಯೂ ಅಳೆದು ನೋಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಿಂತೆ.

ಅಷ್ಟರಲ್ಲಿ ಹುಡುಗಿ ಒಂದು ಸಿಗ್ನಲ್ ಜನರೇಟರ್ ಬೇಕು ಎಂದು ಕೇಳಿದಳು. ಪರೀಕ್ಷಕರು ಈ ಪ್ರಯೋಗಕ್ಕೆ ಅದು ಬೇಕಾಗುವುದಿಲ್ಲವಲ್ಲ ಎಂದರು. ಟೆಸ್ಟ್ ಮಾಡಲು ಎಂದಳು. ಅವರು ಭುಜ ಕುಣಿಸಿ ಒಪ್ಪಿದರು. ನಾನು ತಂದುಕೊಟ್ಟೆ.

ಅವಳು ಆಂಪ್ಲಿಫೈಯರಿನ ಔಟ್‌ಪುಟ್ಟಿನಿಂದ ಏಣಿಗೆ ಹೋಗುವ ಒಂದೇ ಒಂದು ತಂತಿಯನ್ನು ಬಿಚ್ಚಿದಳು. ಏಣಿಯ ಬಾಯಿಗೆ ಜನರೇಟರಿನ ಅಲೆ ಕೊಟ್ಟಳು. ಸಿ.ಆರ್.ಓ.ದ ಒಂದು ಗೆರೆಯಲ್ಲಿ ತಾನು ಕೊಟ್ಟದ್ದು, ಇನ್ನೊಂದರಲ್ಲಿ ಸುತ್ತಿ ಬಂದದ್ದು. ಫ್ರೀಕ್ವೆನ್ಸಿಯನ್ನು ಆರುನೂರ ಐವತ್ತರ ಆಸುಪಾಸು ನಿಧಾನವಾಗಿ ಸರಿಸುತ್ತ ಹೋದಳು. ಎರಡು ಅಲೆಗಳು ದೂರದಿಂದ ಹತ್ತಿರ ಬಂದು, ಒಂದು ಕಡೆ ಏರಿಳಿತಗಳು ಕೂಡಿ ನಿಂತವು. ಅವಳು ಪರದೆಯ ಚೌಕಗಳನ್ನು ಎಣಿಸಿದಳು.

ಇದು ಪುಸ್ತಕದಲ್ಲಿ ಇರುವ ಕ್ರಮವಲ್ಲ ಎಂದಲ್ಲ. ಆದರೆ ನಮ್ಮ ಲ್ಯಾಬಿನಲ್ಲಿ ಹೀಗೆ ಮಾಡುತ್ತಿದ್ದವರು ಅಣ್ಣ ಒಬ್ಬರೇ. ಸುತ್ತನ್ನು ಒಂದು ಕಡೆ ಬಿಚ್ಚು, ಒಂದು ಕೊಟ್ಟು ಎಷ್ಟು ಬರುತ್ತದೆ ಕೇಳು ಎನ್ನುತ್ತಿದ್ದರು. ಮೊದಲ ಗೆರೆಯ ಎತ್ತರ ಮತ್ತು ಎರಡನೆಯದರ ಎತ್ತರವನ್ನು ಅವರಂತೆಯೇ ಬೆರಳಿನ ಉಗುರಿನಿಂದ ಪರದೆಯ ಮೇಲೆ ಗುರುತಿಸುತ್ತಿದ್ದಳು ಅವಳು. ಫೆಬ್ರವರಿಗೆ ಮೊದಲು ಎಂದೋ ಫೇಲಾದವರನ್ನು ಕೂರಿಸಿಕೊಂಡು ಅವರು ಕಲಿಸಿರಬೇಕು. ನಾನು ಆಗ ಸ್ಟೋರಿನಲ್ಲೋ ಎಲ್ಲೋ ಇದ್ದೆ.

"ಸಾರ್, ಕನೆಕ್ಷನ್ ಸರಿ ಇದೆ," ಎಂದಳು ಪರೀಕ್ಷಕರಿಗೆ. "ಹೆಜ್ಜೆ ಕೂಡ್ತಾ ಇದೆ. ಐದು ಚೌಕ ಕೊಟ್ರೆ ನಾಲ್ಕು ಮುಕ್ಕಾಲು, ನಾಲ್ಕು ಎಂಟೇ ಬರ್ತಿದೆ. ಗೇನ್ ಸ್ವಲ್ಪ ಕಮ್ಮಿ ಬಿದ್ದಿದೆ. ಪ್ರಿಸೆಟ್ ಎತ್ತಿದ್ರೆ ಆಗ್ತದೆ."

ಪರೀಕ್ಷಕರು ಮೊದಲ ಬಾರಿಗೆ ಆಸಕ್ತಿಯಿಂದ ಬಗ್ಗಿ ನೋಡಿದರು. ಹಾಗಾದರೆ ಎತ್ತು ಎಂದರು. ಅವಳು ನನ್ನ ಕಡೆ ನೋಡಿದಳು.

"ಇದಕ್ಕೆ ಪಾಲಿಶ್ ಹಾಕಿದಾರೆ ಸಾರ್. ಅವ್ರು ಯಾವತ್ತೂ ಹಾಕ್ತಿರ್ಲಿಲ್ಲ ಅಲ್ವ?"

ಆ ಲ್ಯಾಬಿನಲ್ಲಿ ಐದು ತಿಂಗಳಲ್ಲಿ ಯಾರಾದರೂ ನನ್ನ ಹತ್ತಿರ ಅವರ ಮಾತೆತ್ತಿದ್ದು ಅದೇ ಮೊದಲು.

"ಇಲ್ಲಮ್ಮ. ನಾನು ಹಾಕಿದ್ದು," ಎಂದೆ. ಪರೀಕ್ಷಕರ ಕಡೆ ತಿರುಗಿ, ಈ ಬೋರ್ಡನ್ನು ಓಡಿಸಿ ನೋಡದೆ ಸಹಿ ಮಾಡಿದ್ದೇನೆ, ತಪ್ಪು ನನ್ನದು, ಹೋದ ಸಮಯವನ್ನು ಅವಳಿಗೆ ಕೊಡಿ ಎಂದು ಕೇಳಿದೆ. ಅವರು ಮಫ್ಲರ್ ಸರಿಮಾಡಿಕೊಂಡು, ಅರ್ಧ ಗಂಟೆ ಕೊಡುತ್ತೇನೆ ಎಂದರು. ಬೇರೇನೂ ಕೇಳಲಿಲ್ಲ.

ಪಾಲಿಶ್ ಒಡೆಯುವುದು ಮೆಕ್ಯಾನಿಕ್ಕನ ಕೆಲಸ. ಅಣ್ಣನ ಹಳದಿ ಹಿಡಿಯ ಸ್ಕ್ರೂಡ್ರೈವರ್ ತಂದೆ. ತುದಿಯನ್ನು ಕೆಂಪು ಹನಿಯ ಅಂಚಿಗೆ ಇಟ್ಟೆ. ಬಹಳ ಗಟ್ಟಿಯಾಗಿರುತ್ತದೆ ಎಂದುಕೊಂಡಿದ್ದೆ. ಸುಮ್ಮನೆ ಒತ್ತಿದ್ದಕ್ಕೆ ಒಂದೇ ಹಕ್ಕಳೆಯಾಗಿ ಎದ್ದು ಬಂತು. ಒಳಗಿನ ಸ್ಕ್ರೂ ಆಗಲೇ ಒಂದಿಷ್ಟು ಅಲುಗಿತ್ತು. ಎಲ್ಲಿತ್ತು ಎಂದು ಈಗ ಯಾರೂ ಹೇಳಲಾರರು. ಸ್ಕ್ರೂಡ್ರೈವರನ್ನು ಹುಡುಗಿಯ ಕೈಗೆ ಕೊಟ್ಟು ಹಿಂದೆ ಸರಿದೆ.

ಅವಳು ಬಿಚ್ಚಿದ ತಂತಿ ಸಿಕ್ಕಿಸಿ, ಜನರೇಟರ್ ತೆಗೆದು, ಸ್ಕ್ರೂ ತಿರುಗಿಸಿದಳು. ಗೆರೆ ಮಲಗಿಯೇ ಇತ್ತು. ಇನ್ನೊಂದು ಚೂರು. ಆಗ ಗೆರೆ ದಪ್ಪವಾದಂತೆ ಕಂಡಿತು. ದಪ್ಪವಾದದ್ದು ಉಬ್ಬಿತು, ಉಬ್ಬಿದ್ದು ಏರಿತು, ಏರುತ್ತ ಏರುತ್ತ ಪರದೆ ತುಂಬಿ ತಲೆ ಚಪ್ಪಟೆಯಾಯಿತು. ಅವಳು ಉಸಿರು ಹಿಡಿದು ಹಿಂದಕ್ಕೆ ತಿರುಗಿಸಿದಳು. ತಿರುಗಿಸಿದ್ದು ಹೆಚ್ಚಾಯಿತು, ಅಲೆ ಕುಗ್ಗಿ ಸತ್ತಿತು. ಮತ್ತೆ ಮುಂದಕ್ಕೆ. ಈ ಸಲ ಬಹಳ ಮೆಲ್ಲಗೆ ಎದ್ದು, ಗುಂಡಗಿನ ನೆತ್ತಿಯೊಡನೆ ನಿಂತಿತು. ಪಕ್ಕದ ಮೇಜಿನ ಹುಡುಗ ತನ್ನ ಚಪ್ಪಟೆ ಅಲೆಯನ್ನು ಬಿಟ್ಟು ಇದನ್ನು ನೋಡುತ್ತಿದ್ದ. ಪರೀಕ್ಷಕರು ಫ್ರೀಕ್ವೆನ್ಸಿ ಅಳೆಯಲು ಹೇಳಿದರು. ಆರುನೂರ ನಲವತ್ತರ ಚಿಲ್ಲರೆ ಬಂತು. ಸಾಕು ಎಂದರು. ಅವಳು ಪಾಸಾದಳು ಎಂದು ಆಮೇಲೆ ತಿಳಿಯಿತು.

ಸಂಜೆ ಎಲ್ಲರೂ ಹೋದ ಮೇಲೆ ಬೋರ್ಡುಗಳನ್ನು ಎಣಿಸಿ ಒಳಗಿಟ್ಟೆ. ಇದೊಂದನ್ನು ಮೇಜಿನ ಮೇಲೇ ಬಿಟ್ಟೆ. ಕೆಂಪು ಹಕ್ಕಳೆ ನೆಲದ ಮೇಲೆ ಎಲ್ಲೋ ಬಿದ್ದಿರಬೇಕು ಎಂದು ಬಗ್ಗಿ ಹುಡುಕಿದೆ, ಸಿಗಲಿಲ್ಲ. ನಾಳೆ ಬೆಳಿಗ್ಗೆ ಗುಡಿಸುವವರ ಕಸದಲ್ಲಿ ಹೋಗುತ್ತದೆ. ಬಾಟಲಿಯಲ್ಲಿ ಪಾಲಿಶ್ ಇನ್ನೂ ಇತ್ತು. ಹಾಕಲಿಲ್ಲ.

ಬೀರುವಿಗೆ ಬಲ್ಬು ತರೋಣ ಎಂದು ಮೂಡಿಗೆರೆಯಲ್ಲಿ ಮೂರು ಅಂಗಡಿ ಕೇಳಿದೆ. ಎಲ್ಲ ಕಡೆ ಎಲ್.ಇ.ಡಿ. ಕೊಡುತ್ತಾರೆ. ಅದು ಬೆಳಕು ಕೊಡುತ್ತದೆ, ಕಾಯುವುದಿಲ್ಲ. ಕಾಯುವ ಹಳೇ ಬಲ್ಬು ಬೇಕು ಎಂದರೆ ಒಬ್ಬ ಅಂಗಡಿಯವರು, "ಕರೆಂಟ್ ಸುಡೋ ಬಲ್ಬ್ ಯಾರಿಗ್ ಬೇಕು ಮಾರಾಯ್ರೆ ಈಗ, ಕೋಳಿ ಸಾಕ್ತೀರಾ?" ಎಂದು ಕೇಳಿದರು. ಬಣಕಲ್‌ನಲ್ಲೂ ಸಿಗಲಿಲ್ಲ.

ಹಾಗಾಗಿ ಬೋರ್ಡಿಗೆ ತೇವ ಹಿಡಿಯುತ್ತಲೇ ಇದೆ. ಮಳೆ ಜೋರಿದ್ದ ಮರುದಿನ ಅಲೆ ಏಳುವುದಿಲ್ಲ. ಬಿಸಿಲು ಬಿದ್ದ ದಿನ ತಲೆ ಚಪ್ಪಟೆಯಾಗುತ್ತದೆ. ಲ್ಯಾಬಿಗೆ ಹೋದ ಕೂಡಲೆ ನಾನು ಮೊದಲು ಮಾಡುವ ಕೆಲಸ ಅದೇ. ಬಟ್ಟೆಯಲ್ಲಿ ಒರೆಸುತ್ತೇನೆ, ಸ್ವಿಚ್ ಹಾಕುತ್ತೇನೆ, ಹಳದಿ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲೆ ಏಳುವ ಜಾಗ ಹುಡುಕುತ್ತೇನೆ. ಆ ಜಾಗ ನಿನ್ನೆ ಇದ್ದಲ್ಲಿ ಇವತ್ತು ಇರುವುದಿಲ್ಲ. ಅವರಿಗೂ ಇರುತ್ತಿರಲಿಲ್ಲ. ಮೇಜಿನ ಆಚೆ ಬದಿ ಖಾಲಿಯೇ ಇದೆ. ಅಲೆ ನಿಂತ ಮೇಲೆ ಪರದೆಯನ್ನು ಆ ಬದಿಗೆ ತಿರುಗಿಸಿ ಒಂದು ಗಳಿಗೆ ಇಡುತ್ತೇನೆ. ಆಮೇಲೆ ಮಕ್ಕಳು ಬರುತ್ತಾರೆ. ಈ ವರ್ಷದ ಬ್ಯಾಚಿನಲ್ಲಿ ಇನ್ನೂ ಯಾರೂ ಇನ್‌ಪುಟ್ ಎಲ್ಲಿಗೆ ಕೊಡಬೇಕು ಎಂದು ಕೇಳಿಲ್ಲ.